ಸಾರಿನ ಪುಡಿಯ ಪೊಟ್ಟಣಕ್ಕೆ ಏಳು ಸಾಲು ಬರೆದದ್ದು: ಮೂರು ತಿಂಗಳ ಲೆಕ್ಕ

ನಮ್ಮದು ರಾಣೆಬೆನ್ನೂರಿನಲ್ಲಿ ಮನೆಯವರೇ ಸೇರಿ ನಡೆಸುವ ಪುಡಿ ವ್ಯಾಪಾರ. ಅವ್ವ ಹುರಿಯುತ್ತಾಳೆ. ಅಪ್ಪ ಸಾಮಾನು ತರುತ್ತಾರೆ. ಅಣ್ಣ ಅಂಗಡಿಗಳಿಗೆ ಹಾಕಿ ಬರುತ್ತಾನೆ. ಲೆಕ್ಕ ಮತ್ತು ಪೊಟ್ಟಣದ ಕೆಲಸ ನನ್ನದು. ಡಿಸೆಂಬರ್ ಕೊನೆಗೆ ಹಳೆಯ ಸ್ಟಿಕರ್ ಮುಗಿಯುತ್ತಾ ಬಂದಿದ್ದವು. ಹೊಸದು ಮಾಡಿಸುವಾಗ ಮುಂದೆ ಒಂದು ಅಡಿಬರಹ, ಹಿಂದೆ ನಮ್ಮ ಕಥೆ ಇರಲಿ ಎಂದು ಅಣ್ಣ ಹೇಳಿದ. ಹದಿನೈದು ದಿನದ ಕೆಲಸ ಅಂದುಕೊಂಡಿದ್ದೆ. ಮೂರು ತಿಂಗಳು ಹಿಡಿಯಿತು. ಎಲ್ಲೆಲ್ಲಿ ತಪ್ಪಿದೆ ಅಂತ ಬರೆದಿಡುತ್ತಿದ್ದೇನೆ, ಇಂಥದ್ದೇ ಕೆಲಸಕ್ಕೆ ಕೂರುವವರಿಗೆ ಬೇಕಾಗಬಹುದು.

ಇದ್ದ ಜಾಗ: 200 ಗ್ರಾಂ ಪೊಟ್ಟಣದ ಹಿಂದೆ 7 ಸೆಂ.ಮೀ. ಅಗಲ, 5 ಸೆಂ.ಮೀ. ಎತ್ತರ. ಇಟ್ಟುಕೊಂಡ ಹಣ: 5,000 ರೂಪಾಯಿ. ಸಾಮಾನು: ಒಂದು ನೋಟ್‌ಬುಕ್, ಕೆಂಪು ಪೆನ್ನು, ಮೊಬೈಲಿನ ರೆಕಾರ್ಡರ್, ಅಪ್ಪನ ಹಳೆಯ ಉದ್ರಿ ಪುಸ್ತಕಗಳು.

ಜನವರಿ 12. ಮೊದಲ ಕರಡು

ಅರ್ಧ ಗಂಟೆಯಲ್ಲಿ ಬರೆದು ಮುಗಿಸಿದೆ. ಇದ್ದದ್ದು ಇದ್ದ ಹಾಗೆ ಕೊಡುತ್ತೇನೆ:

"ಐವತ್ತು ವರ್ಷಗಳ ಪರಂಪರೆ. ಅಜ್ಜಿಯ ಒರಳಿನಲ್ಲಿ ಹುಟ್ಟಿದ ರುಚಿ. ಬ್ಯಾಡಗಿಯ ರೈತರಿಂದ ನೇರವಾಗಿ ತಂದ ಶುದ್ಧ ಮೆಣಸಿನಕಾಯಿ, ಮನೆಯಲ್ಲೇ ತಯಾರಿಸಿದ ಸಾರಿನ ಪುಡಿ. ಪ್ರೀತಿಯೇ ನಮ್ಮ ಗುಟ್ಟು."

ಅಡುಗೆಮನೆಗೆ ಹೋಗಿ ಅವ್ವನಿಗೆ ಓದಿ ಹೇಳಿದೆ. ಅವಳು ಕೊತ್ತಂಬರಿ ಬೀಜ ಹುರಿಯುತ್ತಿದ್ದಳು. ಸೌಟು ನಿಲ್ಲಿಸದೆ ಕೇಳಿದಳು, "ಯಾವ ಅಜ್ಜಿ?"

ಅಪ್ಪನ ತಾಯಿ ಸಾರಿನ ಪುಡಿ ಮಾಡಿದ್ದನ್ನು ಅವ್ವ ನೋಡೇ ಇಲ್ಲ. ನಮ್ಮ ಮನೆಯಲ್ಲಿ ಆಗ ಇದ್ದದ್ದು ಮಸಾಲೆ ಖಾರ ಮಾತ್ರ. ಸಾರಿನ ಪುಡಿಯನ್ನು ಅವ್ವ ಕಲಿತದ್ದು ಪಕ್ಕದ ಮನೆಗೆ ಬಾಡಿಗೆಗೆ ಬಂದಿದ್ದ ಮೈಸೂರು ಕಡೆಯವರೊಬ್ಬರಿಂದ. ಒರಳಂತೂ ಹಿತ್ತಲಲ್ಲಿ ಮಣ್ಣು ತುಂಬಿಕೊಂಡು ಬಿದ್ದಿದೆ. ನಾವು ಪುಡಿ ಮಾಡಿಸುವುದು ಓಣಿಯ ಆಚೆ ಇರುವ ಖಾರ ಕುಟ್ಟುವ ಗಿರಣಿಯಲ್ಲಿ. ಇದೆಲ್ಲ ನನಗೂ ಗೊತ್ತಿತ್ತು. ಆದರೂ ಕೈ ಹಾಗೇ ಬರೆದುಬಿಟ್ಟಿತ್ತು, ಬೇರೆ ಪೊಟ್ಟಣಗಳ ಮೇಲೆ ಓದಿ ಓದಿ ಆ ಮಾತುಗಳೇ ತಲೆಯಲ್ಲಿ ಕೂತಿದ್ದವು.

ಜನವರಿ 19. ಕೆಂಪು ಪೆನ್ನಿನ ಕೆಲಸ

ಕರಡಿನಲ್ಲಿರುವ ಒಂದೊಂದು ಮಾತಿನ ಕೆಳಗೂ ಗೆರೆ ಹಾಕಿ, ಪಕ್ಕದಲ್ಲಿ "ಯಾರಾದರೂ ಕೇಳಿದರೆ ಏನು ತೋರಿಸುತ್ತೀವಿ?" ಎಂದು ಬರೆದೆ. ಎಂಟು ಮಾತಿದ್ದವು. ಎರಡು ಉಳಿದವು: ಇದು ಸಾರಿನ ಪುಡಿ, ಇದರಲ್ಲಿ ಮೆಣಸಿನಕಾಯಿ ಇದೆ.

ಐವತ್ತು ವರ್ಷ ಹೋದದ್ದು ಉದ್ರಿ ಪುಸ್ತಕದಿಂದ. ಅಪ್ಪನ ಕಿರಾಣಿ ಅಂಗಡಿ ಹಳೆಯದೇ, ಆದರೆ ಪುಡಿ ಮಾರಿದ ಮೊದಲ ಲೆಕ್ಕ ಸಿಕ್ಕಿದ್ದು 2007ರ ಪುಸ್ತಕದಲ್ಲಿ. ಜೂನ್ ತಿಂಗಳ ಹಾಳೆ, ಅಪ್ಪನ ಅಕ್ಷರ: "ಸಾರಿನ ಪುಡಿ ಅರ್ಧ ಕೆಜಿ, ಮಾಸ್ತರ ಮನೆ." ಪಕ್ಕದಲ್ಲಿ ಕಂದು ಬಣ್ಣದ ಬೆರಳ ಗುರುತು. ಅಂಗಡಿಯ ವಯಸ್ಸನ್ನು ಪುಡಿಯ ಲೆಕ್ಕಕ್ಕೆ ಸೇರಿಸಿದರೆ ಓದುವವರಿಗೆ ಪುಡಿಯೇ ಅಷ್ಟು ಹಳೆಯದು ಅನಿಸುತ್ತದೆ. ಅದು ಸುಳ್ಳೇ.

"ಶುದ್ಧ" ಮತ್ತು "ಮನೆಯಲ್ಲೇ ತಯಾರಿಸಿದ" ಎರಡನ್ನೂ ಅಣ್ಣ ಹೊಡೆದುಹಾಕಿದ. ಆಹಾರದ ಜಾಹೀರಾತು ಮತ್ತು ಹೇಳಿಕೆಗಳ ಬಗ್ಗೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2018ರಲ್ಲಿ ನಿಯಮ ಮಾಡಿದೆ. ಅದರ ಪ್ರಕಾರ "ಶುದ್ಧ" ಅನ್ನುವುದು ಏನೂ ಬೆರೆಸದ ಒಂದೇ ಪದಾರ್ಥಕ್ಕೆ ಹೇಳುವ ಮಾತು. ಬರೀ ಅರಿಶಿನ ಪುಡಿಯಾದರೆ ಸರಿ. ಸಾರಿನ ಪುಡಿಯಲ್ಲಿ ಏಳೆಂಟು ಸಾಮಾನು ಬೆರೆತಿರುತ್ತವೆ, ಹಾಗಾಗಿ ಅದನ್ನು ಶುದ್ಧ ಪುಡಿ ಅನ್ನುವ ಹಾಗಿಲ್ಲ. "ಮನೆಯಲ್ಲಿ ಮಾಡಿದ್ದು" ಅನ್ನುವಂಥ ಮಾತು ಗಿರಾಕಿಗೆ ತಪ್ಪು ಕಲ್ಪನೆ ಕೊಡುವುದಾದರೆ ಅದನ್ನೂ ಹಾಕಬಾರದು. ನಮ್ಮದು ಮನೆಯಲ್ಲಿ ಹುರಿದು ಗಿರಣಿಯಲ್ಲಿ ಪುಡಿ ಮಾಡಿಸಿದ್ದು. ಅರ್ಧ ನಿಜವನ್ನು ಪೂರ್ತಿ ಅನ್ನುವ ಹಾಗೆ ಹೇಳುವುದೇ ತಪ್ಪು ಕಲ್ಪನೆ, ಅಲ್ವಾ?

ಜನವರಿ 26. ಅವ್ವನ ಮಾತು ಹಿಡಿಯುವುದು

ಹಾಗಾದರೆ ನಿಜ ಏನು ಅಂತ ಅವ್ವನಿಂದಲೇ ಕೇಳಿಸಿಕೊಳ್ಳಲು ಮೊಬೈಲ್ ಇಟ್ಟುಕೊಂಡು ಕೂತೆ. ಮೊದಲ ಸಲ ಹುರಿಯುವಾಗಲೇ ರೆಕಾರ್ಡ್ ಮಾಡಿದೆ. ಒಂದು ಮಾತೂ ಸಿಗಲಿಲ್ಲ. ಸೌಟಿನ ಸದ್ದು, ಮೆಣಸಿನಕಾಯಿ ಘಾಟಿಗೆ ಇಬ್ಬರ ಕೆಮ್ಮು, ಅಷ್ಟೇ.

ಎರಡನೇ ಸಲ ಊಟವಾದ ಮೇಲೆ ಕೂತೆವು. "ಅವ್ವ, ನಮ್ಮ ಪುಡಿಯ ವಿಶೇಷ ಏನು?" ಅಂದೆ. "ಏನಿಲ್ಲಪ, ಎಲ್ಲರ ಹಂಗ" ಅಂದಳು. "ಜನ ಯಾಕೆ ಇಷ್ಟಪಡುತ್ತಾರೆ?" ಅಂದರೆ, "ಅವರನ್ನೇ ಕೇಳು" ಅಂದಳು. ಹತ್ತು ನಿಮಿಷ ಹೀಗೇ ಹೋಯಿತು. ಕೊನೆಗೆ ಸುಮ್ನೆ ಕೇಳಿದೆ, "ಯಾವತ್ತಾದರೂ ಕೆಟ್ಟು ಹೋಗಿತ್ತಾ?"

ಆಗ ಶುರುವಾಯಿತು. ಒಂದು ವರ್ಷ ಶ್ರಾವಣದಲ್ಲಿ ಆರ್ಡರ್ ಜಾಸ್ತಿ ಬಂದಿತ್ತಂತೆ. ಹೊತ್ತು ಉಳಿಸಲು ಮೆಂತ್ಯ, ಜೀರಿಗೆ, ಕಾಳುಮೆಣಸು ಮೂರನ್ನೂ ಒಂದೇ ಬಾಣಲೆಗೆ ಹಾಕಿದಳಂತೆ. ಕಾಳುಮೆಣಸು ಬಿಸಿಯಾಗುವಷ್ಟರಲ್ಲಿ ಜೀರಿಗೆ ಕಪ್ಪಾಗಿತ್ತು. ಮೆಂತ್ಯ ಹೊಂಬಣ್ಣ ದಾಟಿ ಕಂದಾಗಿತ್ತು. ಮೆಂತ್ಯ ಆ ಬಣ್ಣಕ್ಕೆ ಹೋದರೆ ಕಹಿ ಬಿಡುತ್ತದೆ, ಮತ್ತೆ ಏನು ಬೆರೆಸಿದರೂ ಹೋಗುವುದಿಲ್ಲ. ಎಂಟು ಕೆಜಿ ಪುಡಿ ಹಾಳು. ಅವತ್ತಿನಿಂದ ಒಂದೊಂದು ಸಾಮಾನನ್ನೂ ಬೇರೆ ಬೇರೆಯಾಗಿಯೇ ಹುರಿಯುತ್ತಾಳೆ. ಒಂದು ಸಲಕ್ಕೆ ಎರಡು ಕೆಜಿಗಿಂತ ಹೆಚ್ಚು ಕೊತ್ತಂಬರಿ ಬೀಜ ಹಾಕುವುದಿಲ್ಲ, ಅದಕ್ಕಿಂತ ಜಾಸ್ತಿಯಾದರೆ ಕೆಳಗಿನದು ಸೀಯುತ್ತದೆ, ಮೇಲಿನದು ಹಸಿಯಾಗಿಯೇ ಉಳಿಯುತ್ತದೆ. ಹುರಿದದ್ದನ್ನು ಬಟ್ಟೆಯ ಮೇಲೆ ಹರಡಿ ಪೂರ್ತಿ ಆರಿದ ಮೇಲೆಯೇ ಗಿರಣಿಗೆ ಕಳಿಸುತ್ತಾಳೆ. ಬೆಚ್ಚಗಿದ್ದಾಗ ಡಬ್ಬಿಗೆ ತುಂಬಿದರೆ ಒಳಗೆ ಬೆವರು ಕಟ್ಟಿ ಪುಡಿ ಉಂಡೆಯಾಗುತ್ತದೆ.

ನಲವತ್ತು ನಿಮಿಷ ಮಾತಾಡಿದಳು. ನಮಗೆ ಬೇಕಾದ ಕಥೆ ಅದರಲ್ಲೇ ಇತ್ತು. ವಿಶೇಷ ಏನು ಅಂತ ಕೇಳಿದರೆ ಯಾರೂ ತಮ್ಮನ್ನು ತಾವು ಹೊಗಳಿಕೊಳ್ಳುವುದಿಲ್ಲ. ಯಾವಾಗ ಕೆಟ್ಟಿತು ಅಂತ ಕೇಳಿದರೆ ಈಗ ಯಾಕೆ ಹೀಗೆ ಮಾಡುತ್ತಾರೆ ಅನ್ನುವುದು ತಾನಾಗಿಯೇ ಹೊರಗೆ ಬರುತ್ತದೆ.

ಫೆಬ್ರವರಿ 5. ಅಪ್ಪನ ಚೀಲ

2007ರ ಜೂನ್ ಲೆಕ್ಕದ ಬಗ್ಗೆ ಕೇಳಿದಾಗ ಅಪ್ಪ ಮೊದಲು ಮಾತು ತಿರುಗಿಸಿದರು. ಅವ್ವನೇ ಹೇಳಿದಳು. ಆ ವರ್ಷ ಅಂಗಡಿಗೆ ತಂದ ಮೆಣಸಿನಕಾಯಿ ಖರ್ಚಾಗಲಿಲ್ಲ. ಅರ್ಧ ಚೀಲ ಹಾಗೇ ಉಳಿಯಿತು. ಮಳೆ ಶುರುವಾದರೆ ತೇವ ಹಿಡಿದು ಬೂಸ್ಟು ಬರುತ್ತದೆ. ಅದಕ್ಕೇ ಅವ್ವ ಪಕ್ಕದ ಮನೆಯಲ್ಲಿ ಕಲಿತಿದ್ದ ಸಾರಿನ ಪುಡಿ ಮಾಡಿ, ಕಾಗದದ ಪೊಟ್ಟಣ ಕಟ್ಟಿ ಗಲ್ಲೆಯ ಪಕ್ಕ ಇಟ್ಟಳು. ಮಾಸ್ತರ ಮನೆಯವರು ಒಯ್ದರು. ಮುಂದಿನ ತಿಂಗಳು ಮತ್ತೆ ಕೇಳಿಕೊಂಡು ಬಂದರು.

ನನಗೆ ಇದು ತುಂಬಾ ಹಿಡಿಸಿತು. ಅಪ್ಪನಿಗೆ ಹಿಡಿಸಲಿಲ್ಲ. "ಮಾಲು ಹೋಗಲಿಲ್ಲ ಅಂತ ಪಾಕೀಟಿನ ಮ್ಯಾಲ ಬರೀತಾರೇನು?" ಅಂದರು. ಉಳಿದ ಮಾಲಿನಿಂದ ಮಾಡಿದ್ದು ಅಂದರೆ ಜನ ಹಳೆಯ ಸರಕು ಅಂದುಕೊಳ್ಳುತ್ತಾರೆ ಅನ್ನುವುದು ಅವರ ಚಿಂತೆ. ಅದರಲ್ಲಿ ಸತ್ಯವಿತ್ತು. ಎರಡು ವಾರ ಅಲ್ಲೇ ನಿಂತೆವು.

ಇಲ್ಲಿ ನನ್ನ ತಪ್ಪೂ ಇದೆ. ಅಪ್ಪನನ್ನು ಕೇಳದೆ ಆ ಸಾಲು ಸೇರಿಸಿ, ಕರಡನ್ನು ಅಣ್ಣನ ಮೂಲಕ ಇಬ್ಬರು ಅಂಗಡಿಯವರಿಗೆ ತೋರಿಸಿದ್ದೆ. ಅಪ್ಪನಿಗೆ ಅದು ಬೇರೆಯವರ ಬಾಯಿಂದ ಗೊತ್ತಾಯಿತು. ಒಂದು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಕಥೆ ಮನೆಯದು, ಅದರಲ್ಲಿ ಬರುವ ನಷ್ಟ ಒಬ್ಬರದು. ಅವರನ್ನು ಮೊದಲು ಕೇಳಬೇಕಿತ್ತು.

ಆಮೇಲೆ ಅವರ ಎದುರಿಗೆ ಕೂತು, "ನೀವೇ ಹೇಳಿ, ನೀವು ಹೇಳಿದ ಹಾಗೆ ಬರೀತೀನಿ" ಅಂದೆ. ಸ್ವಲ್ಪ ಹೊತ್ತು ಯೋಚಿಸಿ, "ಕೆಡೋ ಮೊದಲ ಅನ್ನೋದನ್ನ ಸೇರಿಸು" ಅಂದರು. ಆ ಎರಡು ಪದ ಬಂದ ಮೇಲೆ ಸಾಲು ನಿಂತಿತು. ಹಳೆಯ ಸರಕು ಅನ್ನುವ ಅನುಮಾನ ಹೋಯಿತು, ನಡೆದದ್ದೂ ಹಾಗೇ ಇತ್ತು.

ಫೆಬ್ರವರಿ 22. ಬ್ಯಾಡಗಿ ಅನ್ನುವ ಹೆಸರು

ನಾವಿರುವುದು ಹಾವೇರಿ ಜಿಲ್ಲೆ. ಬ್ಯಾಡಗಿ ಹತ್ತಿರದ ಊರು, ಅಪ್ಪ ಮೊದಲಿಂದಲೂ ಅಲ್ಲಿಂದಲೇ ತರುತ್ತಾರೆ. ಹಾಗಾಗಿ "ಬ್ಯಾಡಗಿಯ ರೈತರಿಂದ ನೇರವಾಗಿ" ಎಂದು ಎರಡನೇ ಕರಡಿನಲ್ಲಿ ಮತ್ತೆ ಸೇರಿಸಿದ್ದೆ. ಅಪ್ಪ ನನ್ನನ್ನು ಒಂದು ದಿನ ಮಾರುಕಟ್ಟೆಗೆ ಕರೆದುಕೊಂಡು ಹೋದರು. ಸುಗ್ಗಿಯ ಹೊತ್ತು. ಎಲ್ಲೆಲ್ಲೂ ಕೆಂಪು ರಾಶಿ, ಮೂಗಿಗೆ ಟವೆಲು ಕಟ್ಟಿಕೊಂಡ ಹಮಾಲರು. ಚೀಲ ತಂದವರನ್ನು ಯಾವ ಊರು ಅಂತ ಕೇಳುತ್ತಾ ಹೋದೆ. ಬಳ್ಳಾರಿ ಕಡೆಯವರು, ರಾಯಚೂರು ಕಡೆಯವರು, ಆಂಧ್ರದಿಂದ ಬಂದವರೂ ಇದ್ದರು. ಮಾರುಕಟ್ಟೆ ಬ್ಯಾಡಗಿಯದು, ಮಾಲು ದೂರ ದೂರದಿಂದ ಬರುತ್ತದೆ. ಅಲ್ಲದೆ ನಾವು ಕೊಳ್ಳುವುದು ವರ್ತಕರ ಅಂಗಡಿಯಿಂದ, ರೈತರ ಕೈಯಿಂದ ಅಲ್ಲ. "ನೇರವಾಗಿ" ಅನ್ನುವುದೂ ಹೋಯಿತು, "ರೈತರಿಂದ" ಅನ್ನುವುದೂ ಹೋಯಿತು.

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಜಿಐ ಟ್ಯಾಗ್, ಅಂದರೆ ಊರಿನ ಹೆಸರಿಗೆ ಕಾನೂನಿನ ರಕ್ಷಣೆ, ಸಿಕ್ಕಿದೆ. ಆ ಹೆಸರನ್ನು ಸುಮ್ನೆ ಅಲಂಕಾರಕ್ಕೆ ಬಳಸುವ ಹಾಗಿಲ್ಲ. ನಮಗೆ ಖಚಿತವಾಗಿ ಗೊತ್ತಿರುವುದು ಎಲ್ಲಿ ಕೊಂಡೆವು ಅನ್ನುವುದು. ಬಿಲ್ಲು ಇದೆ. ಅದಕ್ಕೇ "ಬ್ಯಾಡಗಿ ಮಾರುಕಟ್ಟೆಯಿಂದ ತಂದ ಮೆಣಸಿನಕಾಯಿ" ಎಂದು ಬರೆದೆ.

ಇನ್ನೊಂದು ವಿಷಯವನ್ನು ಅಪ್ಪ ವಾಪಸ್ ಬರುವಾಗ ಬಸ್ಸಿನಲ್ಲಿ ನೆನಪಿಸಿದರು. ಬ್ಯಾಡಗಿಯದು ಬಣ್ಣ ಚೆನ್ನಾಗಿ ಕೊಡುತ್ತದೆ, ಖಾರ ಕಡಿಮೆ. ಅದರಲ್ಲೇ ಪೂರ್ತಿ ಮಾಡಿದರೆ ಸಾರು ಕೆಂಪಗೆ ಕಾಣುತ್ತದೆ, ನಾಲಿಗೆಗೆ ಸಪ್ಪೆ. ಹಾಗಾಗಿ ಮೂರು ಪಾಲಿಗೆ ಒಂದು ಪಾಲು ಗುಂಟೂರು ಮೆಣಸಿನಕಾಯಿ ಸೇರಿಸುತ್ತೇವೆ. ಮೊದಲಿಂದಲೂ ಹಾಗೇ. ಅದನ್ನು ಹೇಳದೆ ಬರೀ ಬ್ಯಾಡಗಿ ಅಂದರೆ ಹೇಗೆ? ಅಣ್ಣ ಸ್ವಲ್ಪ ಹಿಂಜರಿದ. ನನಗಂತೂ ಆ ಸಾಲು ಬೇಕಿತ್ತು. ಅಡುಗೆ ಮಾಡುವವರಿಗೆ ಎರಡು ಮೆಣಸಿನಕಾಯಿ ಯಾಕೆ ಅಂತ ಓದಿದ ಕೂಡಲೇ ತಿಳಿಯುತ್ತದೆ.

ಅಣ್ಣ ಇನ್ನೊಂದನ್ನು ಸರಿಯಾಗಿ ಗುರುತಿಸಿದ. ಆ ಕರಡಿನಲ್ಲಿ "ಮೆಣಸಿನಕಾಯಿಯೇ ಈ ಪುಡಿಯ ಜೀವ" ಎಂದಿತ್ತು. ಪೊಟ್ಟಣದ ಮೇಲೆ ಸಾಮಾನಿನ ಪಟ್ಟಿಯನ್ನು ತೂಕದಲ್ಲಿ ಹೆಚ್ಚಿನದರಿಂದ ಕಡಿಮೆಯ ಕಡೆಗೆ ಬರೆಯಬೇಕು. ನಮ್ಮ ಪಟ್ಟಿಯಲ್ಲಿ ಮೊದಲು ಬರುವುದು ಕೊತ್ತಂಬರಿ ಬೀಜ. ಕಥೆ ಒಂದು ಹೇಳಿ, ಎರಡು ಬೆರಳು ಕೆಳಗೆ ಪಟ್ಟಿ ಇನ್ನೊಂದು ಹೇಳುತ್ತಿತ್ತು. ಆ ಸಾಲನ್ನು ತೆಗೆದೆ.

ಮಾರ್ಚ್ 1 ರಿಂದ 15. ಅಡಿಬರಹ

ಇದು ಕಥೆಗಿಂತ ಕಷ್ಟವಾಯಿತು. ನೋಟ್‌ಬುಕ್‌ನಲ್ಲಿ 23 ಸಾಲು ಬರೆದೆ. "ರುಚಿಯ ಮನೆ", "ಅವ್ವನ ಕೈರುಚಿ", "ಘಮ ಘಮ ಸಾರು, ನೆಮ್ಮದಿಯ ಊಟ", "ಮನೆ ಮನೆಯ ಮೆಚ್ಚುಗೆ". ಬರೆಯುವಾಗ ಎಲ್ಲವೂ ಚೆನ್ನಾಗಿಯೇ ಕಂಡವು. ಆಮೇಲೆ ಒಂದು ಪರೀಕ್ಷೆ ಮಾಡಿದೆ. ಬೇರೆ ಕಂಪನಿಯ ಪೊಟ್ಟಣ ತಂದು, ಅದರ ಹೆಸರಿನ ಕೆಳಗೆ ನನ್ನ ಚೀಟಿ ಅಂಟಿಸಿ ನೋಡಿದೆ. 23ರಲ್ಲಿ 21 ಅಲ್ಲೂ ಸರಿಯಾಗಿಯೇ ಕೂತವು. ಅಂದಮೇಲೆ ಅವು ನಮ್ಮ ಬಗ್ಗೆ ಏನೂ ಹೇಳುತ್ತಿರಲಿಲ್ಲ. ಉಳಿದ ಎರಡರಲ್ಲಿ ಒಂದು ಬಹಳ ಉದ್ದ, ಇನ್ನೊಂದು ಪ್ರಾಸಕ್ಕಾಗಿ ತಿರುಚಿದ್ದು.

ಬರೆಯುವುದನ್ನು ನಿಲ್ಲಿಸಿ ಎರಡು ಶನಿವಾರ ಅಂಗಡಿಯ ಗಲ್ಲೆಯಲ್ಲಿ ಕೂತೆ. ಪುಡಿ ಕೊಳ್ಳುವವರು ಏನು ಕೇಳುತ್ತಾರೆ ಅಂತ ಕಿವಿಗೆ ಬಿದ್ದ ಹಾಗೆ ಬರೆದುಕೊಂಡೆ. ಬೆಲೆ ಎಷ್ಟು ಅನ್ನುವುದು ಬಿಟ್ಟರೆ ಮತ್ತೆ ಮತ್ತೆ ಬಂದದ್ದು ಒಂದೇ ಪ್ರಶ್ನೆ: "ಇದು ಯಾವಾಗ ಹುರಿದದ್ದ್ರಿ ಅಕ್ಕಾರ?" ಅವ್ವ ಪ್ರತಿ ಸಲ ಉತ್ತರ ಹೇಳುತ್ತಿದ್ದಳು. "ಬುಧವಾರ." "ಮೊನ್ನೆ." ಒಬ್ಬರಿಗೆ, "ಹೋದ ವಾರದ್ದೈತಿ, ಎರಡು ದಿನ ಬಿಟ್ಟು ಬರ್ರಿ, ಹೊಸದು ಕೊಡತೇನಿ" ಅಂದು ವಾಪಸ್ ಕಳಿಸಿದಳು. ದಾವಣಗೆರೆಯ ಅಂಗಡಿಯಲ್ಲಿ ನಿಂತ ಗಿರಾಕಿಗೆ ಈ ಪ್ರಶ್ನೆ ಕೇಳಲು ಅವ್ವ ಎದುರಿಗಿರುವುದಿಲ್ಲ. ಆ ಉತ್ತರ ಪೊಟ್ಟಣದ ಮೇಲೇ ಇರಬೇಕು.

ಅಲ್ಲಿಂದ ಬಂದದ್ದು: "ಹುರಿದ ದಿನ ಬರೆದೇ ಕೊಡ್ತೀವಿ."

"ಕೊಡುತ್ತೇವೆ" ಎಂದೂ ಬರೆದು ನೋಡಿದೆ. ಸರಕಾರದ ಬೋರ್ಡಿನ ಹಾಗೆ ಕೇಳಿಸಿತು. ನಮ್ಮ ಕಡೆಯ "ಕೊಡತೀವಿ" ಹಾಕೋಣವೇ ಅಂದರೆ, ದಾವಣಗೆರೆ, ಬೆಂಗಳೂರಿನಲ್ಲಿ ಅಚ್ಚಿನ ತಪ್ಪು ಅಂದುಕೊಳ್ಳುತ್ತಾರೆ ಎಂದ ಅಣ್ಣ. "ಕೊಡ್ತೀವಿ" ಎರಡು ಕಡೆಗೂ ನಡೆಯುತ್ತದೆ. "ಬರೆದೇ" ಅನ್ನುವುದರ ಏಕಾರವನ್ನು ನಾನು ಬಿಟ್ಟಿದ್ದೆ, ಅವ್ವ ಓದುವಾಗ ತಾನಾಗಿ ಸೇರಿಸಿದಳು. ಅದೇ ಉಳಿಯಿತು.

ಈ ಸಾಲು ಹಾಕಿದ ಮೇಲೆ ಕೆಲಸ ಹೆಚ್ಚಿತು. ತಯಾರಿಸಿದ ಅಥವಾ ಪ್ಯಾಕ್ ಮಾಡಿದ ದಿನಾಂಕ ಹಾಕುವುದು ಮೊದಲಿಂದಲೂ ಕಡ್ಡಾಯ, ಅದು ಹಾಗೇ ಇರಬೇಕು. ಹುರಿದ ದಿನ ಅದಕ್ಕಿಂತ ಎರಡು ಮೂರು ದಿನ ಹಿಂದಿನದು, ಅದನ್ನು ಬೇರೆಯಾಗಿ ಹಾಕಬೇಕು. ಎರಡು ದಿನ ಹುರಿದದ್ದನ್ನು ಒಂದೇ ಗಿರಣಿ ಪಾಳಿಗೆ ಹಾಕುವ ಹಾಗಿಲ್ಲ, ಹಾಕಿದರೆ ಯಾವ ದಿನ ಬರೆಯುವುದು? ಈಗ ಬುಧವಾರ ಹುರಿದದ್ದನ್ನು ಗುರುವಾರ ಪುಡಿ ಮಾಡಿಸಿ ಶುಕ್ರವಾರ ತುಂಬುತ್ತೇವೆ.

ಮಾರ್ಚ್ 18. ಅಚ್ಚಿನ ಮನೆ

ಮಾದರಿಗೆ 50 ಸ್ಟಿಕರ್ ಹೊಡೆಸಿದೆ. 350 ರೂಪಾಯಿ. ಮೂರು ತಪ್ಪು ಸಿಕ್ಕವು.

ನಾನು ಕಳಿಸಿದ ಯೂನಿಕೋಡ್ ಬರಹ ಅಚ್ಚಿನ ಮನೆಯ ಹಳೆಯ ತಂತ್ರಾಂಶದಲ್ಲಿ ತೆರೆಯಲಿಲ್ಲ, ಅವರು ಕೈಯಲ್ಲಿ ಮತ್ತೆ ಟೈಪ್ ಮಾಡಿದರು. ಒಂದು ಕೊಂಬು ಬಿಟ್ಟುಹೋಯಿತು. "ಹುರಿದ ದಿನ" ಹೋಗಿ "ಹರಿದ ದಿನ" ಆಯಿತು. ಪರದೆಯ ಮೇಲೆ ನಾನೇ ಎರಡು ಸಲ ನೋಡಿ ಸರಿ ಅಂದಿದ್ದೆ. ಗೊತ್ತಿರುವ ಸಾಲನ್ನು ಕಣ್ಣು ಓದುವುದಿಲ್ಲ, ಊಹಿಸಿಕೊಳ್ಳುತ್ತದೆ. ಈಗ ಅಚ್ಚಿಗೆ ಕೊಡುವ ಮೊದಲು, ಕಥೆ ಗೊತ್ತಿಲ್ಲದ ಒಬ್ಬರಿಂದ ಕಾಗದದ ಮೇಲೆ ಜೋರಾಗಿ ಓದಿಸುತ್ತೇನೆ.

ಕಥೆ 94 ಪದ ಇತ್ತು. 7 ಸೆಂ.ಮೀ. ಅಗಲದಲ್ಲಿ ಕೂರಿಸಲು ಅಕ್ಷರ ಎಷ್ಟು ಸಣ್ಣದಾಯಿತೆಂದರೆ ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗಿ ಮಸಿಯ ಚುಕ್ಕೆಗಳಾದವು. ಅವ್ವ ಕನ್ನಡಕ ಹಾಕಿಕೊಂಡೂ ಓದಲಾಗಲಿಲ್ಲ. ಅರ್ಧಕ್ಕೆ ಇಳಿಸಬೇಕಾಯಿತು. ಮೈಸೂರು ಕಡೆಯ ನೆರೆಯವರ ಸಾಲು ಹೋಯಿತು, ಎಂಟು ಕೆಜಿ ಹಾಳಾದದ್ದೂ ಹೋಯಿತು. ಅವೆರಡನ್ನು ಬಿಡುವಾಗ ಮನಸ್ಸಿಗೆ ಬಹಳ ಕಷ್ಟವಾಯಿತು.

ಮೂರನೆಯದು, ಸ್ಟಿಕರ್ ಹೊಳಪಿನ ಹಾಳೆಯದು. ಅದರ ಮೇಲೆ ಹುರಿದ ದಿನದ ಮುದ್ರೆ ಒತ್ತಿ ಹೆಬ್ಬೆರಳಿಂದ ಉಜ್ಜಿದೆ. ದಿನಾಂಕ ಪೂರ್ತಿ ಹೆಬ್ಬೆರಳಿಗೆ ಬಂತು. ಬರೆದೇ ಕೊಡ್ತೀವಿ ಅಂದ ದಿನ ಅಂಗಡಿ ತಲುಪುವಷ್ಟರಲ್ಲಿ ಅಳಿಸಿಹೋಗುತ್ತಿತ್ತು. ಹೊಳಪಿಲ್ಲದ ಕಾಗದದ ಸ್ಟಿಕರ್ ಮಾಡಿಸಿದ ಮೇಲೆ ಮಸಿ ಹೀರಿಕೊಂಡು ನಿಂತಿತು.

1,000 ಸ್ಟಿಕರಿಗೆ 2,600 ರೂಪಾಯಿ. ದಿನಾಂಕದ ಮುದ್ರೆ, ಮಸಿ ಸೇರಿ 240. ಮಾದರಿಯೂ ಸೇರಿ ಒಟ್ಟು 3,190.

ಮಾರ್ಚ್ 27. ಅಚ್ಚಾದದ್ದು

ಕೊನೆಯ ಗಳಿಗೆಯಲ್ಲಿ ಒಂದು ಚರ್ಚೆ. ಪೊಟ್ಟಣದ ಮೇಲೆ "ಅವ್ವ ಮಾಡಿದರು" ಎಂದು ಮರ್ಯಾದೆಯಿಂದ ಬರೆಯಬೇಕು ಅಂದ ಅಣ್ಣ. ಅವ್ವ ಒಪ್ಪಲಿಲ್ಲ. "ಮಾಡಿದರು ಅಂದ್ರ ಯಾರದೋ ಅವ್ವ ಆಕ್ಕಾಳ" ಅಂದಳು. ಅವಳ ಮಾತೇ ಸರಿ.

"2007ರಲ್ಲಿ ನಮ್ಮ ಕಿರಾಣಿ ಅಂಗಡಿಯಲ್ಲಿ ಅರ್ಧ ಚೀಲ ಮೆಣಸಿನಕಾಯಿ ಉಳಿಯಿತು. ಕೆಡುವ ಮೊದಲೇ ಅವ್ವ ಹುರಿದು ಸಾರಿನ ಪುಡಿ ಮಾಡಿದಳು. ಒಯ್ದವರು ಮತ್ತೆ ಕೇಳಿದರು. ಇವತ್ತಿಗೂ ಹುರಿಯುವುದು ಅವ್ವನೇ, ಒಂದೊಂದು ಸಾಮಾನು ಬೇರೆ ಬೇರೆಯಾಗಿ. ಪುಡಿ ಮಾಡಿಸುವುದು ಗಿರಣಿಯಲ್ಲಿ. ಬಣ್ಣಕ್ಕೆ ಬ್ಯಾಡಗಿ ಮಾರುಕಟ್ಟೆಯಿಂದ ತಂದ ಮೆಣಸಿನಕಾಯಿ, ಖಾರಕ್ಕೆ ಗುಂಟೂರಿನದು."

ಅದರ ಕೆಳಗೆ ಏಳನೇ ಸಾಲು, ಮುಂಭಾಗದ ಅಡಿಬರಹವೇ, ಪಕ್ಕದಲ್ಲಿ ಮುದ್ರೆಗೆ ಖಾಲಿ ಚೌಕ.

ಏಪ್ರಿಲ್ 14. ಆಮೇಲೆ ನಡೆದದ್ದು

ಮೊದಲ ಪೆಟ್ಟು ಬಿದ್ದಿದೆ. ಹೊಸ ಸ್ಟಿಕರಿನ ಮೊದಲ ಸರಕಿನಲ್ಲೇ ಒಂದು ಅಂಗಡಿಯವರು 14 ಪೊಟ್ಟಣ ವಾಪಸ್ ಕೊಟ್ಟರು. ಪುಡಿ ಚೆನ್ನಾಗಿಯೇ ಇದೆ, ಅವಧಿಯೂ ಮುಗಿದಿಲ್ಲ. ಆದರೆ ಪಕ್ಕದಲ್ಲಿ ಇತ್ತೀಚಿನ ದಿನದ ಪೊಟ್ಟಣ ಇರುವಾಗ ಗಿರಾಕಿಗಳು ಎರಡು ವಾರದ ಹಿಂದಿನದನ್ನು ಮುಟ್ಟುತ್ತಿಲ್ಲವಂತೆ. ವಾಪಸ್ ತೆಗೆದುಕೊಂಡೆವು. ಅಣ್ಣ ಈಗ ಒಂದು ಅಂಗಡಿಗೆ 40ರ ಬದಲು 15 ಹಾಕಿ, ವಾರಕ್ಕೊಮ್ಮೆ ಹೋಗುತ್ತಿದ್ದಾನೆ. ಪೆಟ್ರೋಲ್ ಖರ್ಚು ಹೆಚ್ಚಾಗಿದೆ. ಮಳೆಗಾಲದಲ್ಲಿ ಬುಧವಾರದ ಪಾಳಿ ತಪ್ಪಿದರೆ ಏನು ಮಾಡುವುದು ಅನ್ನುವುದು ಇನ್ನೂ ಬಗೆಹರಿದಿಲ್ಲ.

ಮುಂದಿನದು ಮಸಾಲೆ ಖಾರದ ಸ್ಟಿಕರ್. ಈ ಕಥೆ ಅದಕ್ಕೆ ಹೊಂದುವುದಿಲ್ಲ. ಅದು ಅಜ್ಜಿಯದೇ, ಅವ್ವ ಅವರ ಪಕ್ಕ ಕೂತು ಬೆಳ್ಳುಳ್ಳಿ ಬಿಡಿಸುತ್ತಾ ಕಲಿತದ್ದು. ಜನವರಿಯಲ್ಲಿ ಹೊಡೆದುಹಾಕಿದ "ಅಜ್ಜಿ" ಅನ್ನುವ ಪದ ಅಲ್ಲಿ ನಿಜವಾಗಿಯೂ ಬೇಕಾಗುತ್ತದೆ. ಹಾನಗಲ್‌ನಲ್ಲಿ ಅಜ್ಜಿಯ ತಂಗಿ ಇನ್ನೂ ಇದ್ದಾರೆ. ಭಾನುವಾರ ರೆಕಾರ್ಡರ್ ತೆಗೆದುಕೊಂಡು ಹೋಗುತ್ತಿದ್ದೇನೆ.